ಕಟ್‌ನಲ್ಲಿ ಉಳಿದ ಒಂದೇ ಫ್ರೇಮ್: ಕಪ್ಪು, ಬಿಳಿ ಮಿಂಚನ್ನು ಹುಡುಕಿ ತೆಗೆಯುವುದು ಹೇಗೆ?

ದಾವಣಗೆರೆಯ ಕಲ್ಯಾಣ ಮಂಟಪಗಳಲ್ಲಿ ಈಗ ಆರತಕ್ಷತೆ ಎಂದರೆ ವೇದಿಕೆಯ ಪಕ್ಕ ಎಲ್‌ಇಡಿ ವಾಲ್ ಇದ್ದೇ ಇರುತ್ತದೆ. ನಾವು ಎಡಿಟ್ ಮಾಡಿಕೊಟ್ಟ ಪ್ರಿವೆಡ್ಡಿಂಗ್ ವಿಡಿಯೊ ಅದರ ಮೇಲೆ ಓಡುತ್ತದೆ. ಸ್ಟುಡಿಯೊದ ಮಾನಿಟರ್‌ನಲ್ಲಿ ಕಣ್ತಪ್ಪಿ ಹೋದ ಒಂದು ಕಪ್ಪು ಫ್ರೇಮ್ ಅಲ್ಲಿ ಇಡೀ ಗೋಡೆಯೇ ಆರಿ ಹತ್ತಿದ ಹಾಗೆ ಕಾಣುತ್ತದೆ. ಸೆಕೆಂಡಿಗೆ 25 ಫ್ರೇಮ್‌ಗಳ ವಿಡಿಯೊದಲ್ಲಿ ಒಂದು ಫ್ರೇಮ್ ಇರುವುದು 40 ಮಿಲಿಸೆಕೆಂಡ್ ಮಾತ್ರ. ನೋಡಿದವರಿಗೆ ಏನು ಕಂಡಿತು ಎಂದು ಹೇಳಲು ಬರುವುದಿಲ್ಲ, ಆದರೆ ಏನೋ ಮಿಂಚಿತು ಎನ್ನುವುದಂತೂ ಗೊತ್ತಾಗುತ್ತದೆ.

ಹರಿಹರದ ಒಬ್ಬ ಹುಡುಗ ಹೀಗೇ ಫೋನ್ ಮಾಡಿದ್ದ. "ಅಣ್ಣಾ, ಎಷ್ಟು ಸಲ ನೋಡಿದ್ರೂ ಸಿಗವಲ್ದು. ವಾಲ್ ಮ್ಯಾಲೆ ಮಾತ್ರ ಪಳಕ್ ಅಂತ ಮಿಂಚ್ತೈತಿ."

"ಪ್ಲೇ ಮಾಡಿ ನೋಡಿದ್ರೆ ಸಿಗಲ್ಲ ಅದು. ಎಕ್ಸ್‌ಪೋರ್ಟ್ ಆಗಿರೋ ಫೈಲ್ ಕಳ್ಸು, ಟೈಮ್‌ಲೈನ್ ಆಮೇಲೆ ನೋಡೋಣ," ಎಂದೆ.

ಅವನ ಆ ವಿಡಿಯೊವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಇಡೀ ಕೆಲಸವನ್ನು ಇಲ್ಲಿ ಹೇಳುತ್ತೇನೆ. ಐದೂವರೆ ನಿಮಿಷದ ಪ್ರಿವೆಡ್ಡಿಂಗ್, ಚಿತ್ರದುರ್ಗದ ಚಂದ್ರವಳ್ಳಿ ಮತ್ತು ಜೋಗಿಮಟ್ಟಿಯಲ್ಲಿ ಶೂಟ್ ಆದದ್ದು, ಪ್ರೀಮಿಯರ್ ಪ್ರೊದಲ್ಲಿ 25 ಫ್ರೇಮ್‌ನ ಸೀಕ್ವೆನ್ಸ್. ಕೆಳಗೆ ಒಂದೇ ಹಾಡು ಉದ್ದಕ್ಕೂ ಓಡುತ್ತದೆ, ಎಲ್ಲ ಕಟ್‌ಗಳೂ ಅದರ ತಾಳಕ್ಕೆ ಕೂತಿವೆ.

ಟೈಮ್‌ಲೈನ್‌ನಲ್ಲಿ ಏಕೆ ಕಾಣುವುದಿಲ್ಲ?

ಒಂದು ಗಂಟೆಯ ಮದುವೆ ವಿಡಿಯೊ ಎಂದರೆ 90,000 ಫ್ರೇಮ್. ಇಡೀ ಟೈಮ್‌ಲೈನ್ ಪರದೆಯಲ್ಲಿ ಕಾಣುವಂತೆ ಇಟ್ಟುಕೊಂಡರೆ, 1920 ಪಿಕ್ಸೆಲ್ ಅಗಲದ ಮಾನಿಟರ್‌ನಲ್ಲಿ ಒಂದೊಂದು ಪಿಕ್ಸೆಲ್‌ಗೆ ಸುಮಾರು 47 ಫ್ರೇಮ್ ಬೀಳುತ್ತವೆ. ಅಷ್ಟರಲ್ಲಿ ಒಂದು ಫ್ರೇಮಿನ ಸಂದು ಎಲ್ಲಿ ಕಾಣಬೇಕು? ಎರಡು ಕ್ಲಿಪ್ ಅಂಟಿಕೊಂಡೇ ಇವೆ ಎಂದು ಕಾಣುತ್ತದೆ. ಸ್ನ್ಯಾಪ್ ಆಫ್ ಆಗಿದ್ದಾಗ ದೂರದ ಝೂಮ್‌ನಲ್ಲೇ ಕ್ಲಿಪ್ ಎಳೆದು ಕೂರಿಸಿದರೆ ಇಂಥ ಸಂದು ಬೀಳುವುದು ಸಾಮಾನ್ಯ.

ಇನ್ನೊಂದು ಕಾರಣ ವೇಗ ಬದಲಿಸುವುದು. ಸರಿಯಾಗಿ 100 ಫ್ರೇಮ್ ಇರುವ ಕ್ಲಿಪ್‌ಗೆ Speed/Duration ನಲ್ಲಿ 101% ಕೊಟ್ಟರೆ ಅದು 99 ಫ್ರೇಮ್ ಆಗುತ್ತದೆ. ಅಲ್ಲಿ ರಿಪಲ್ ಗುರುತು ಹಾಕಿರದಿದ್ದರೆ ಮುಂದಿನ ಕ್ಲಿಪ್ ಜಾಗ ಬಿಟ್ಟು ಕದಲುವುದಿಲ್ಲ, ನಡುವೆ ಒಂದು ಫ್ರೇಮ್ ಖಾಲಿ ಉಳಿಯುತ್ತದೆ. ಟೈಮ್‌ಲೈನ್‌ನಲ್ಲಿ ಖಾಲಿ ಎಂದರೆ ಎಕ್ಸ್‌ಪೋರ್ಟ್‌ನಲ್ಲಿ ಕಪ್ಪು.

ಮೊದಲು ಎಕ್ಸ್‌ಪೋರ್ಟ್ ಫೈಲನ್ನೇ ಕೇಳಿ

ಹಲವರು ಟೈಮ್‌ಲೈನ್‌ನಿಂದ ಶುರು ಮಾಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಶುರು ಮಾಡಬೇಕಾದ್ದು ಎಕ್ಸ್‌ಪೋರ್ಟ್ ಫೈಲ್‌ನಿಂದ. ಗಿರಾಕಿ ನೋಡುವುದು ಅದನ್ನೇ. ಮಿಂಚು ಖಾಲಿ ಸಂದಿನಿಂದ ಬಂದಿರಲಿ, ಕ್ಲಿಪ್‌ನೊಳಗಿನ ಕಪ್ಪು ಫ್ರೇಮ್‌ನಿಂದ ಬಂದಿರಲಿ, ರೆಂಡರ್ ಕೆಟ್ಟು ಬಂದಿರಲಿ, ಎಲ್ಲವೂ ಆ ಫೈಲ್‌ನಲ್ಲಿ ಒಂದೇ ರೀತಿ ಸಿಗುತ್ತವೆ. ಇದಕ್ಕೆ ಎಫ್‌ಎಫ್‌ಎಂಪೆಗ್ ಎಂಬ ಉಚಿತ ಸಾಧನ ಸಾಕು. ಫೈಲ್ ಇರುವ ಫೋಲ್ಡರ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಇದನ್ನು ಕೊಡಿ:

```
ffmpeg -hide_banner -i prewedding.mp4 -vf blackdetect=d=0.03:pix_th=0.10 -an -f null -
```

ಇಲ್ಲಿ ಮುಖ್ಯವಾದದ್ದು `d=0.03`. ಎಷ್ಟು ಸೆಕೆಂಡಿಗಿಂತ ಹೆಚ್ಚು ಕಪ್ಪಾಗಿದ್ದರೆ ಹೇಳಬೇಕು ಎನ್ನುವ ಅಳತೆ ಇದು. ಏನೂ ಕೊಡದಿದ್ದರೆ ಅದು 2 ಸೆಕೆಂಡ್ ಎಂದು ಹಿಡಿಯುತ್ತದೆ, ಒಂದೇ ಫ್ರೇಮ್ ಎಂದೂ ಸಿಗುವುದಿಲ್ಲ. 25 ಫ್ರೇಮ್‌ನ ವಿಡಿಯೊದಲ್ಲಿ ಒಂದು ಫ್ರೇಮ್ 0.04 ಸೆಕೆಂಡ್ ಆದ್ದರಿಂದ ಅದಕ್ಕಿಂತ ಸ್ವಲ್ಪ ಕಡಿಮೆ, 0.03 ಕೊಟ್ಟಿದ್ದೇನೆ. ನಿಮ್ಮ ವಿಡಿಯೊ 50 ಫ್ರೇಮ್‌ನದಾದರೆ ಒಂದು ಫ್ರೇಮ್ 0.02 ಸೆಕೆಂಡ್, ಆಗ `d=0.015` ಕೊಡಿ. ಈ ಕಮಾಂಡ್ ಫೈಲನ್ನು ಓದುತ್ತದೆ ಅಷ್ಟೇ, ಏನನ್ನೂ ಬದಲಿಸುವುದಿಲ್ಲ.

ಹರಿಹರದ ಹುಡುಗನ ಫೈಲ್‌ಗೆ ಬಂದ ಉತ್ತರ ಇದು. ಸಾಲಿನ ಮೊದಲ ಭಾಗ ಬಿಟ್ಟು ಬರೆದಿದ್ದೇನೆ:

```
black_start:0 black_end:0.8 black_duration:0.8
black_start:97.48 black_end:97.52 black_duration:0.04
black_start:214.2 black_end:214.24 black_duration:0.04
black_start:331.6 black_end:333 black_duration:1.4
```

ಮೊದಲನೆಯದು ಆರಂಭದ ಫೇಡ್, ಕೊನೆಯದು ಮುಕ್ತಾಯದ ಫೇಡ್. ಅವು ಇರಬೇಕಾದವೇ. `black_duration:0.04` ಎಂದಿರುವ ನಡುವಿನ ಎರಡು ಸಾಲುಗಳೇ ನಮಗೆ ಬೇಕಾದವು.

ಈಗ ಸೆಕೆಂಡನ್ನು ಟೈಮ್‌ಕೋಡ್‌ಗೆ ತಿರುಗಿಸಬೇಕು. 97.48 ಎಂದರೆ 1 ನಿಮಿಷ 37 ಸೆಕೆಂಡ್, ಮೇಲೆ 0.48. ಆ ಉಳಿಕೆಯನ್ನು 25ರಿಂದ ಗುಣಿಸಿದರೆ 12 ಫ್ರೇಮ್. ಅಂದರೆ 00:01:37:12. ಹಾಗೆಯೇ 214.2 ಎಂದರೆ 3 ನಿಮಿಷ 34 ಸೆಕೆಂಡ್, 0.2 × 25 = 5 ಫ್ರೇಮ್, ಅದು 00:03:34:05. ಡಾವಿಂಚಿ ರಿಸಾಲ್ವ್ ಬಳಸುವವರು ಇದಕ್ಕೆ ಒಂದು ಗಂಟೆ ಕೂಡಿಸಿಕೊಳ್ಳಿ, ಅಲ್ಲಿ ಟೈಮ್‌ಲೈನ್ ಸಾಮಾನ್ಯವಾಗಿ 01:00:00:00ರಿಂದ ಶುರುವಾಗುತ್ತದೆ. ಒಂದೆರಡು ಫ್ರೇಮ್ ಆಚೀಚೆ ಕಂಡರೆ ಗಾಬರಿ ಬೇಡ, ಹತ್ತಿರದ ಕಟ್ಟನ್ನು ನೋಡಿ.

ಬಿಳಿ ಮಿಂಚಿಗೆ ಬೇರೆ ಸಾಧನ ಬೇಕಿಲ್ಲ. ಚಿತ್ರವನ್ನು ಮೊದಲು ತಿರುವುಮುರುವು ಮಾಡಿಸಿದರೆ ಬಿಳಿಯೇ ಕಪ್ಪಾಗುತ್ತದೆ, ಅದೇ ಹುಡುಕಾಟ ನಡೆಯುತ್ತದೆ:

```
ffmpeg -hide_banner -i prewedding.mp4 -vf negate,blackdetect=d=0.03:pix_th=0.10 -an -f null -
```

ಉತ್ತರದಲ್ಲಿ ಈಗಲೂ `black_start` ಎಂದೇ ಬರುತ್ತದೆ, ಅದನ್ನು ಬಿಳಿ ಎಂದು ಓದಿಕೊಳ್ಳಬೇಕು. ಇಲ್ಲಿ ಒಂದು ಸಾಲು ಸಿಕ್ಕಿತು: 158.04 ಸೆಕೆಂಡ್, ಅಂದರೆ 00:02:38:01.

ಈ ಹುಡುಕಾಟಕ್ಕೆ ಒಂದು ಮಿತಿ ಇದೆ. ಚಿತ್ರದ 98% ಭಾಗ ಕಪ್ಪಾಗಿದ್ದರೆ ಮಾತ್ರ ಅದು ಕಪ್ಪು ಫ್ರೇಮ್ ಎಂದು ಲೆಕ್ಕ. ಮೂಲೆಯಲ್ಲಿ ಸ್ಟುಡಿಯೊ ಲೋಗೊ ಉದ್ದಕ್ಕೂ ಇದ್ದರೆ, ಖಾಲಿ ಫ್ರೇಮ್ ಮೇಲೂ ಆ ಲೋಗೊ ಬೆಳಗುತ್ತಿರುತ್ತದೆ. ಫುಲ್ ಎಚ್‌ಡಿ ಚಿತ್ರದ 2% ಎಂದರೆ ಸುಮಾರು 200 × 200 ಪಿಕ್ಸೆಲ್‌ನ ಚೌಕ. ಬೆಳಗುವ ಭಾಗ ಅದಕ್ಕಿಂತ ದೊಡ್ಡದಾದರೆ ಮಿಂಚು ತಪ್ಪಿಸಿಕೊಳ್ಳುತ್ತದೆ. ಆಗ ಕಮಾಂಡ್‌ನಲ್ಲಿ `pix_th=0.10` ಆದಮೇಲೆ `:pic_th=0.90` ಸೇರಿಸಿ. ಇದರಿಂದ ರಾತ್ರಿಯ ಕತ್ತಲೆ ಶಾಟ್‌ಗಳೂ ಪಟ್ಟಿಗೆ ಬರಬಹುದು. ಅವುಗಳ ಅವಧಿ ಉದ್ದವಾಗಿರುವುದರಿಂದ ಬೇರ್ಪಡಿಸುವುದು ಕಷ್ಟವಲ್ಲ.

ಟೈಮ್‌ಲೈನ್‌ಗೆ ಹೋಗಿ ಖಚಿತ ಮಾಡಿಕೊಳ್ಳುವುದು

00:01:37:12ಕ್ಕೆ ಪ್ಲೇಹೆಡ್ ತಂದು, ಕ್ಲಿಪ್‌ಗಳ ನಡುವೆ ಒಂದು ಫ್ರೇಮ್ ಬೆರಳಗಲ ಕಾಣುವಷ್ಟು `=` ಕೀಲಿಯಿಂದ ಝೂಮ್ ಮಾಡಿ. V1 ಟ್ರ್ಯಾಕ್ ಮಾತ್ರ ಟಾರ್ಗೆಟ್ ಆಗಿರಲಿ. ಈಗ ಮೇಲಿನ ಮತ್ತು ಕೆಳಗಿನ ಬಾಣದ ಕೀಲಿಗಳು ನಿಮ್ಮನ್ನು ಕಟ್‌ನಿಂದ ಕಟ್‌ಗೆ ಒಯ್ಯುತ್ತವೆ. ಟೈಮ್‌ಕೋಡ್ ಮೇಲೆ ಕಣ್ಣಿಡಿ. ಕೆಳಬಾಣ ಒತ್ತಿದಾಗ 01:37:12ರಿಂದ ಕೇವಲ 01:37:13ಕ್ಕೆ ಹೋಯಿತು ಎಂದರೆ, ಅಲ್ಲಿ ಒಂದು ಫ್ರೇಮ್ ಅಂತರದಲ್ಲಿ ಎರಡು ಅಂಚುಗಳಿವೆ. ಒಂದು ಹಿಂದಿನ ಕ್ಲಿಪ್ ಮುಗಿದ ಜಾಗ, ಇನ್ನೊಂದು ಮುಂದಿನ ಕ್ಲಿಪ್ ಶುರುವಾಗುವ ಜಾಗ. ನಡುವಿನದೇ ಮಿಂಚು. ಎಕ್ಸ್‌ಪೋರ್ಟ್ ಮಾಡುವ ಮೊದಲೇ ಇಡೀ ಟೈಮ್‌ಲೈನನ್ನು ಹೀಗೆ ಕೆಳಬಾಣದಿಂದ ನಡೆದು ನೋಡುವ ಅಭ್ಯಾಸ ಒಳ್ಳೆಯದು. ಐದು ನಿಮಿಷದ ವಿಡಿಯೊಗೆ ಹೆಚ್ಚು ಹೊತ್ತೇನೂ ಹಿಡಿಯುವುದಿಲ್ಲ.

ಒಂದು ಸಂಗತಿ ನೆನಪಿರಲಿ. ಕಟ್ ಮೇಲೆ ನಿಂತ ಪ್ಲೇಹೆಡ್ ತೋರಿಸುವುದು ಅದರ ಬಲಗಡೆಯ ಫ್ರೇಮನ್ನು. ಹಿಂದಿನ ಶಾಟ್‌ನ ಕೊನೆಯ ಫ್ರೇಮ್ ನೋಡಬೇಕಾದರೆ ಎಡಬಾಣವನ್ನು ಒಮ್ಮೆ ಒತ್ತಬೇಕು.

ಖಾಲಿ ಸಂದುಗಳನ್ನಷ್ಟೇ ಹುಡುಕಲು ಮೆನುವಿನಲ್ಲಿ Sequence > Go to Gap ಇದೆ. ಅದರಲ್ಲಿ Next in Sequence ಒತ್ತಿ, ಏನೂ ಸಿಗಲಿಲ್ಲ ಎಂದು ಕೈಬಿಡುವವರು ಹೆಚ್ಚು. ಅದು ಹುಡುಕುವುದು ಯಾವ ಟ್ರ್ಯಾಕ್‌ನಲ್ಲೂ ಏನೂ ಇಲ್ಲದ ಜಾಗವನ್ನು. ಕೆಳಗೆ ಹಾಡು ಉದ್ದಕ್ಕೂ ಇದ್ದಾಗ ಅಂಥ ಜಾಗ ಇರುವುದೇ ಇಲ್ಲ. ನಮಗೆ ಬೇಕಾದದ್ದು Next in Track, ಅದೂ V1 ಒಂದನ್ನೇ ಆರಿಸಿಕೊಂಡು. V1 ಖಾಲಿಯಿದ್ದು ಮೇಲೆ V2ರಲ್ಲಿ ಬೇರೆ ಶಾಟ್ ಮುಚ್ಚಿಕೊಂಡಿರುವ ಜಾಗಗಳಲ್ಲೂ ಅದು ನಿಲ್ಲುತ್ತದೆ. ಅಲ್ಲಿ ಚಿತ್ರ ಸರಿಯಾಗಿದ್ದರೆ ಮುಂದಕ್ಕೆ ಹೋಗಿ.

ರಿಸಾಲ್ವ್‌ನ ಕಟ್ ಪುಟದಲ್ಲಿ ಬೋರಿಂಗ್ ಡಿಟೆಕ್ಟರ್ ಎಂಬುದಿದೆ. ಅದರಲ್ಲಿ ಇಷ್ಟು ಫ್ರೇಮ್‌ಗಿಂತ ಚಿಕ್ಕ ಕ್ಲಿಪ್‌ಗಳನ್ನು ತೋರಿಸು ಎಂದು ಹೇಳಬಹುದು. ಒಂದು ಫ್ರೇಮ್ ಉಳಿದುಬಿಟ್ಟ ತುಂಡು ಕ್ಲಿಪ್‌ಗಳಿಗೆ ಅದು ಬಹಳ ಉಪಯುಕ್ತ.

ತೆಗೆಯುವಾಗ ಹಾಡು ಕದಲಬಾರದು

ಖಾಲಿ ಸಂದು ಕಂಡ ಕೂಡಲೇ ಕೈ ರಿಪಲ್ ಡಿಲೀಟ್‌ಗೆ ಹೋಗುತ್ತದೆ. ಅಲ್ಲೇ ತಡೆಯಿರಿ. ಹಾಡಿನ ಟ್ರ್ಯಾಕ್ ಲಾಕ್ ಆಗಿರುವಾಗ V1ನಲ್ಲಿ ರಿಪಲ್ ಮಾಡಿದರೆ, ಆ ಜಾಗದಿಂದ ಬಲಕ್ಕಿರುವ ಎಲ್ಲ ಶಾಟ್‌ಗಳೂ ಒಂದು ಫ್ರೇಮ್ ಎಡಕ್ಕೆ ಸರಿಯುತ್ತವೆ, ಹಾಡು ಮಾತ್ರ ಇದ್ದಲ್ಲೇ ಇರುತ್ತದೆ. ಒಂದು ಫ್ರೇಮ್ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಮದುವೆಯ ಪೂರ್ತಿ ವಿಡಿಯೊದಲ್ಲಿ ಇಂಥ ಐದು ಸಂದು ಮುಚ್ಚಿದರೆ ಚಿತ್ರ ಧ್ವನಿಗಿಂತ 200 ಮಿಲಿಸೆಕೆಂಡ್ ಮುಂದೆ ಹೋಗಿರುತ್ತದೆ. ಧಾರೆಯ ಹೊತ್ತಿನಲ್ಲಿ ಪುರೋಹಿತರ ತುಟಿಗೂ ಮಂತ್ರಕ್ಕೂ ಹೊಂದಿಕೆ ತಪ್ಪಿದ್ದು ಕಣ್ಣಿಗೆ ಕಾಣುತ್ತದೆ. ಆಮೇಲೆ ಅದು ಎಲ್ಲಿಂದ ಶುರುವಾಯಿತು ಎಂದು ಹುಡುಕುವುದು ಮಿಂಚು ಹುಡುಕುವುದಕ್ಕಿಂತ ದೊಡ್ಡ ಕೆಲಸ. ಅದಕ್ಕೇ ನಾನು ಸಂದನ್ನು ಮುಚ್ಚುವುದಿಲ್ಲ, ತುಂಬುತ್ತೇನೆ. ಕೆಲಸ ಶುರು ಮಾಡುವ ಮೊದಲು ಸೀಕ್ವೆನ್ಸ್‌ನ ಒಟ್ಟು ಅವಧಿಯನ್ನು ಬರೆದಿಟ್ಟುಕೊಳ್ಳುತ್ತೇನೆ. ಇಲ್ಲಿ ಅದು 00:05:33:00.

ಮೊದಲ ಮಿಂಚು, 01:37:12. ಚಂದ್ರವಳ್ಳಿ ಕೆರೆಯ ದಂಡೆಯಲ್ಲಿ ಜೋಡಿ ನಡೆದುಬರುವ ಶಾಟ್ ಮುಗಿಯುವಲ್ಲಿ ಇತ್ತು. ತಾಳಕ್ಕೆ ಕೂರಲೆಂದು ಆ ಕ್ಲಿಪ್‌ಗೆ 101% ವೇಗ ಕೊಟ್ಟಿದ್ದರು, ಮೇಲೆ ಹೇಳಿದ ಲೆಕ್ಕದ ಹಾಗೆಯೇ 100ರಲ್ಲಿ ಒಂದು ಫ್ರೇಮ್ ಕಳೆದಿತ್ತು. ಆ ಕ್ಲಿಪ್‌ನ ಬಲ ಅಂಚನ್ನು ಕ್ಲಿಕ್ ಮಾಡಿದರೆ ಕೆಂಪು ಆವರಣ ಚಿಹ್ನೆ ಬರುತ್ತದೆ. ಕೆಂಪು ಎಂದರೆ ಬರಿ ಟ್ರಿಮ್, ಹಳದಿ ಎಂದರೆ ರಿಪಲ್. ಹಳದಿ ಬಂದಿದ್ದರೆ ಬಿಟ್ಟು ಮತ್ತೆ ಆರಿಸಿ. ನಂತರ ಪ್ಲೇಹೆಡನ್ನು ಮುಂದಿನ ಕ್ಲಿಪ್ ಶುರುವಾಗುವ 01:37:13ಕ್ಕೆ ತಂದು `E` ಒತ್ತಿ. ಕ್ಲಿಪ್‌ನ ತುದಿ ಪ್ಲೇಹೆಡ್‌ವರೆಗೆ ಬೆಳೆಯುತ್ತದೆ, ಬೇರೇನೂ ಕದಲುವುದಿಲ್ಲ.

ಕ್ಲಿಪ್ ಬೆಳೆಯಬೇಕಾದರೆ ಶೂಟ್ ಆದ ಫೈಲ್‌ನಲ್ಲಿ ಮುಂದೆ ಇನ್ನಷ್ಟು ದೃಶ್ಯ ಉಳಿದಿರಬೇಕು. ಕ್ಲಿಪ್‌ನ ಮೂಲೆಯಲ್ಲಿ ಚಿಕ್ಕ ತ್ರಿಕೋನ ಕಂಡರೆ ಫೈಲ್ ಅಲ್ಲಿಗೇ ಮುಗಿದಿದೆ ಎಂದರ್ಥ. ಆಗ ಮುಂದಿನ ಕ್ಲಿಪ್‌ನ ಎಡ ಅಂಚನ್ನು ಅದೇ ರೀತಿ ಒಂದು ಫ್ರೇಮ್ ಹಿಂದಕ್ಕೆ ಎಳೆಯಿರಿ. ಎರಡೂ ಕಡೆ ಉಳಿದಿಲ್ಲವಾದರೆ `R` ಒತ್ತಿ ರೇಟ್ ಸ್ಟ್ರೆಚ್‌ನಿಂದ ಹಿಂದಿನ ಕ್ಲಿಪ್‌ನ ತುದಿಯನ್ನು ಒಂದು ಫ್ರೇಮ್ ಹಿಗ್ಗಿಸಿ. ಕ್ಲಿಪ್‌ಗೆ ಮಾತಿನ ಧ್ವನಿ ಜೋಡಿಯಾಗಿದ್ದರೆ ಮೊದಲು ಅನ್‌ಲಿಂಕ್ ಮಾಡಬೇಕು, ಇಲ್ಲದಿದ್ದರೆ ಧ್ವನಿಯೂ ಹಿಗ್ಗುತ್ತದೆ.

ಎರಡನೆಯದು, 03:34:05. ಇಲ್ಲಿ ಕೆಳಬಾಣ ಒತ್ತಿದರೂ ಸಂದು ಸಿಗಲಿಲ್ಲ, Go to Gap ಕೂಡ ನಿಲ್ಲಲಿಲ್ಲ. ಆದರೆ ಕಟ್‌ನಿಂದ ಎಡಬಾಣ ಒಮ್ಮೆ ಒತ್ತಿದರೆ ಪರದೆ ಕಪ್ಪು. ಅಂದರೆ ಕಪ್ಪು ಕ್ಲಿಪ್‌ನೊಳಗೇ ಇದೆ. ಜೋಗಿಮಟ್ಟಿಯ ಗಾಳಿಯಂತ್ರಗಳ ಮೇಲೆ ಹಾರಿದ ಡ್ರೋನ್ ಶಾಟ್‌ಗಳನ್ನು ನೆಸ್ಟ್ ಮಾಡಿ ಇಟ್ಟಿದ್ದರು. ನೆಸ್ಟ್ ತೆರೆದು ನೋಡಿದರೆ ಒಳಗಿನ ಕೊನೆಯ ಶಾಟನ್ನು ಯಾವಾಗಲೋ ಒಂದು ಫ್ರೇಮ್ ಕತ್ತರಿಸಲಾಗಿತ್ತು. ಒಳಗೆ ಕಡಿಮೆಯಾದದ್ದು ಹೊರಗಿನ ಟೈಮ್‌ಲೈನ್‌ಗೆ ಗೊತ್ತಾಗಿಲ್ಲ, ನೆಸ್ಟ್ ತನ್ನ ಹಳೆಯ ಉದ್ದದಲ್ಲೇ ಉಳಿದಿತ್ತು. ಚೆನ್ನಾಗಿ ಝೂಮ್ ಮಾಡಿದರೆ ತುದಿಯ ಆ ಒಂದು ಫ್ರೇಮ್ ಅಗಲದಲ್ಲಿ ಓರೆ ಗೆರೆಗಳು ಕಾಣುತ್ತವೆ.

ಇಂಥ ಕಡೆ ರೋಲ್ ಟ್ರಿಮ್ ಸರಿಯಾದ ದಾರಿ. `N` ಒತ್ತಿ ಕಟ್ ಮೇಲೆ ಕ್ಲಿಕ್ ಮಾಡಿದರೆ ಎರಡೂ ಬದಿಗೆ ಕೆಂಪು ಆವರಣ ಬರುತ್ತದೆ. ವಿಂಡೋಸ್‌ನಲ್ಲಿ ಕಂಟ್ರೋಲ್ ಹಿಡಿದು ಎಡಬಾಣ ಒಮ್ಮೆ ಒತ್ತಿದರೆ ಕಟ್ ಒಂದು ಫ್ರೇಮ್ ಎಡಕ್ಕೆ ಹೋಗುತ್ತದೆ, ಮ್ಯಾಕ್‌ನಲ್ಲಿ ಆಪ್ಷನ್ ಹಿಡಿಯಬೇಕು. ನೆಸ್ಟ್ ಒಂದು ಫ್ರೇಮ್ ಮೊದಲೇ ಮುಗಿಯುತ್ತದೆ, ಮುಂದಿನ ಶಾಟ್ ಒಂದು ಫ್ರೇಮ್ ಮೊದಲೇ ಶುರುವಾಗುತ್ತದೆ, ಒಟ್ಟು ಅವಧಿ ಹಾಗೇ ಇರುತ್ತದೆ. ಬೇರೆಯವರಿಂದ ಬಂದ ಟೈಟಲ್ ಕ್ಲಿಪ್‌ಗಳ ಮೊದಲ ಅಥವಾ ಕೊನೆಯ ಫ್ರೇಮ್ ಕಪ್ಪಾಗಿದ್ದರೂ ಇದೇ ಉಪಾಯ.

ಮೂರನೆಯದು ಬಿಳಿ, 02:38:01. ಇದು V1ನಲ್ಲಿ ಇರಲೇ ಇಲ್ಲ. ಫ್ಲ್ಯಾಶ್ ಹೊಡೆದಂತೆ ಕಾಣಲಿ ಎಂದು V2ರಲ್ಲಿ ಬಿಳಿ ಕಲರ್ ಮ್ಯಾಟ್ ಇಟ್ಟಿದ್ದರು. ಆಮೇಲೆ ಬೇಡವೆನಿಸಿ ರೇಜರ್‌ನಿಂದ ಕತ್ತರಿಸಿ ಅಳಿಸಿದ್ದಾರೆ, ಆದರೆ ತುದಿಯ ಒಂದು ಫ್ರೇಮಿನ ಚೂರು ಕಟ್‌ನ ಮೇಲೆಯೇ ಉಳಿದುಬಿಟ್ಟಿದೆ. V2 ಟಾರ್ಗೆಟ್ ಮಾಡಿ ಬಾಣದಿಂದ ಹೋದರೆ ಆ ಚೂರು ಕೂಡಲೇ ಸಿಗುತ್ತದೆ. ಅದನ್ನು ಆರಿಸಿ ಬರಿ Delete ಒತ್ತಿ, ಕೆಳಗಿನ ಶಾಟ್ ತಾನಾಗಿಯೇ ಕಾಣುತ್ತದೆ. ಇಲ್ಲಿಯೂ ರಿಪಲ್ ಡಿಲೀಟ್ ಮಾಡಿದರೆ ಮುಂದಿನ ಹೆಸರು, ಟೈಟಲ್‌ಗಳೆಲ್ಲ ಒಂದು ಫ್ರೇಮ್ ಸರಿದುಹೋಗುವ ಅಪಾಯ ಇದೆ.

ಬೇಕೆಂದೇ ಹಾಕಿದ ಬಿಳಿ ಫ್ಲ್ಯಾಶ್‌ಗಳೂ ಬಿಳಿಯ ಪಟ್ಟಿಯಲ್ಲಿ ಬರುತ್ತವೆ. ಅವನ್ನು ಗುರುತಿಸುವುದು ಸುಲಭ: ಎಡಕ್ಕೂ ಬಲಕ್ಕೂ ಒಂದೊಂದೇ ಫ್ರೇಮ್ ಸರಿದರೆ ಬೆಳಕು ಮೆಲ್ಲಗೆ ಏರಿ ಇಳಿಯುತ್ತದೆ. ಉಳಿದುಬಿಟ್ಟ ಚೂರಿನಲ್ಲಿ ಹಾಗಲ್ಲ, ಸಾಮಾನ್ಯ ಫ್ರೇಮ್, ಪೂರ್ತಿ ಬಿಳಿ, ಮತ್ತೆ ಸಾಮಾನ್ಯ ಫ್ರೇಮ್. ಇನ್ನು ಫೋಟೊದವರ ಫ್ಲ್ಯಾಶ್ ಬೇರೆಯೇ ಸಂಗತಿ. ಅದು ಹೆಚ್ಚಾಗಿ ಚಿತ್ರದ ಅರ್ಧಕ್ಕೆ ಅಡ್ಡ ಪಟ್ಟಿಯಾಗಿ ಬೀಳುತ್ತದೆ, ಹಾಗಾಗಿ 98%ರ ಲೆಕ್ಕಕ್ಕೆ ಸಿಗುವುದಿಲ್ಲ. ಕಟ್‌ನ ಅಂಚಿನಲ್ಲೇ ಬಿದ್ದಿದ್ದರೆ ರೋಲ್‌ನಿಂದ ಒಂದು ಫ್ರೇಮ್ ಸರಿಸಿ ತಪ್ಪಿಸಬಹುದು. ಶಾಟ್ ನಡುವೆ ಬಿದ್ದದ್ದನ್ನು ನಾನು ಮುಟ್ಟುವುದಿಲ್ಲ, ಮದುವೆ ಮನೆಯಲ್ಲಿ ಫ್ಲ್ಯಾಶ್ ಹೊಡೆಯುವುದು ಸಹಜ.

ಟೈಮ್‌ಲೈನ್ ಶುದ್ಧ, ಎಕ್ಸ್‌ಪೋರ್ಟ್‌ನಲ್ಲಿ ಮಾತ್ರ ಕಪ್ಪು

ಕೆಲವು ಸಲ ಪಟ್ಟಿ ಹೇಳಿದ ಜಾಗಕ್ಕೆ ಹೋದರೆ ಅಲ್ಲಿ ಕಟ್ಟೇ ಇರುವುದಿಲ್ಲ, ಫ್ರೇಮ್ ಫ್ರೇಮ್ ನೋಡಿದರೂ ಎಲ್ಲ ಸರಿ. ಆಗ ಟೈಮ್‌ಲೈನನ್ನು ಕೆದಕಬೇಡಿ. Sequence > Delete Render Files ಮಾಡಿ, ಎಕ್ಸ್‌ಪೋರ್ಟ್‌ನಲ್ಲಿ Use Previews ಗುರುತು ತೆಗೆದು ಮತ್ತೆ ಎಕ್ಸ್‌ಪೋರ್ಟ್ ಮಾಡಿ. ಹಳೆಯ ಪ್ರಿವ್ಯೂ ಫೈಲ್ ಕೆಟ್ಟಿದ್ದರೆ ಇಷ್ಟಕ್ಕೇ ಹೋಗುತ್ತದೆ. ಹೊಸ ಫೈಲ್‌ನಲ್ಲಿ ಕಪ್ಪು ಬೇರೆ ಜಾಗಕ್ಕೆ ಹೋಗಿ ಕೂತಿದ್ದರೆ ಹಾರ್ಡ್‌ವೇರ್ ಎನ್‌ಕೋಡಿಂಗ್ ಮೇಲೆ ಅನುಮಾನ ಪಡಬೇಕು. ಸಾಫ್ಟ್‌ವೇರ್ ಎನ್‌ಕೋಡಿಂಗ್‌ಗೆ ಬದಲಿಸಿ, ಸಮಯ ಹೆಚ್ಚು ಹಿಡಿದರೂ ಹಾಗೆಯೇ ತೆಗೆಯಿರಿ.

ಮೂರೂ ಸರಿಮಾಡಿದ ಮೇಲೆ ಒಟ್ಟು ಅವಧಿ ನೋಡಿದೆವು, 00:05:33:00 ಹಾಗೇ ಇತ್ತು. ಅದು ಒಂದು ಫ್ರೇಮ್ ಕಡಿಮೆಯಾಗಿದ್ದರೂ ಎಲ್ಲೋ ರಿಪಲ್ ಆಗಿದೆ ಎಂದೇ ಅರ್ಥ, ಅಂಡೂ ಮಾಡಿ ಹಿಂದಕ್ಕೆ ಹೋಗಬೇಕಾಗುತ್ತಿತ್ತು. ಮತ್ತೆ ಎಕ್ಸ್‌ಪೋರ್ಟ್ ಮಾಡಿ ಎರಡೂ ಕಮಾಂಡ್ ಕೊಟ್ಟಾಗ ಕಪ್ಪಿನ ಪಟ್ಟಿಯಲ್ಲಿ ಆರಂಭದ ಮತ್ತು ಕೊನೆಯ ಫೇಡ್ ಎರಡೇ ಸಾಲು ಬಂದವು, ಬಿಳಿಯ ಪಟ್ಟಿ ಖಾಲಿ ಬಂತು. ಪೆನ್‌ಡ್ರೈವ್‌ಗೆ ಹಾಕಬೇಕಾದದ್ದು ಹೀಗೆ ಪರೀಕ್ಷೆ ಮಾಡಿದ ಆ ಫೈಲನ್ನೇ. ಪರೀಕ್ಷೆ ಆದಮೇಲೆ ಹೆಸರಿನ ಒಂದು ಅಕ್ಷರ ತಿದ್ದಿ ಮತ್ತೆ ಎಕ್ಸ್‌ಪೋರ್ಟ್ ಮಾಡಿದರೂ ಎರಡು ಕಮಾಂಡ್‌ಗಳನ್ನು ಇನ್ನೊಮ್ಮೆ ಓಡಿಸಿ.